ರಕ್ತದಾನ ಶಿಬಿರಕ್ಕೆ ಟೇಪಣ್ಣನ ಕೊನೆಯ ನೆಪ

ಕೊರಳಲ್ಲಿ ಅಳತೆಯ ಟೇಪು ಇಲ್ಲದೆ ಅವನನ್ನು ನೋಡಿದವರು ಆ ಬಡಾವಣೆಯಲ್ಲಿ ಹೆಂಡತಿಯೊಬ್ಬಳೇ. ಹೆತ್ತವರು ಪ್ರೀತಿಯಿಂದ ಇಟ್ಟ ಹೆಸರು ಕಾಗದಪತ್ರಗಳಲ್ಲೇ ಉಳಿದು, ಜನರ ಬಾಯಲ್ಲಿ ಟೇಪಣ್ಣ ಎನ್ನುವುದೇ ನಿಂತುಬಿಟ್ಟಿತು. ಎರಡು ಬೀದಿ ಕೂಡುವ ಮೂಲೆಯಲ್ಲಿ, ಮೂರು ಮಹಡಿಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಅವನ ಹೊಲಿಗೆ ಅಂಗಡಿ. ಒಳಗೆ ಹೋಗಬೇಕಾದರೆ ಯಾರಾದರೂ ತಲೆ ತಗ್ಗಿಸಲೇಬೇಕು. ಅಲ್ಲಿ ಅವನು ಬಟ್ಟೆ ಕತ್ತರಿಸುತ್ತಾನೆ, ಹೊಲಿಯುತ್ತಾನೆ. ಪಕ್ಕದ ಸ್ಟೂಲಿನ ಮೇಲೆ ಕೂತು ಹೆಂಡತಿ ಕಾಜ ಮಾಡುತ್ತಾಳೆ, ಗುಂಡಿ ಹಚ್ಚುತ್ತಾಳೆ, ಅವನು ಗಿರಾಕಿಗಳಿಗೆ ಹೇಳುವ ಸುಳ್ಳುಗಳನ್ನು ತಲೆಯೆತ್ತದೆ ಕೇಳಿಸಿಕೊಳ್ಳುತ್ತಾಳೆ.

ನೆರೆಹೊರೆ ಸಂಘ ಹುಟ್ಟಿದಾಗ ಕಾರ್ಯದರ್ಶಿ ಯಾರಾಗಬೇಕೆಂಬ ಪ್ರಶ್ನೆ ಬಂತು. ಇಡೀ ದಿನ ಒಂದೇ ಕಡೆ ಸಿಗುವ, ಯಾರೂ ಕಣ್ಣು ತಪ್ಪಿಸಿ ಓಡಾಡಲಾಗದ ಮನುಷ್ಯ ಬೇಕಿತ್ತು. ಹರಿದ ಪ್ಯಾಂಟು ಎಂಥ ದೊಡ್ಡ ಮನುಷ್ಯನನ್ನೂ ಟೇಪಣ್ಣನ ಎದುರು ತಂದು ನಿಲ್ಲಿಸುತ್ತದೆ. ಹಾಗಾಗಿ ಅವನೇ ಕಾರ್ಯದರ್ಶಿಯಾದ, ಮತ್ತೆ ಅವನನ್ನು ಬದಲಿಸುವ ಯೋಚನೆ ಯಾರಿಗೂ ಬರಲಿಲ್ಲ. ನೀರಿನ ಟ್ಯಾಂಕು ತೊಳೆಸುವುದು, ಬೀದಿ ದೀಪದ ದೂರು, ಇವೆಲ್ಲ ಅವನ ತಲೆಗೆ. ವರ್ಷಕ್ಕೊಮ್ಮೆ ರಕ್ತದಾನ ಶಿಬಿರ. ಅದರ ಪ್ರಕಟಣೆ ಬರೆಯುವುದರಲ್ಲಂತೂ ಅವನನ್ನು ಮೀರಿಸುವವರಿಲ್ಲ. ಬಟ್ಟೆಯ ಮಾದರಿ ಕತ್ತರಿಸುವ ಕಂದು ಕಾಗದದ ಮೇಲೆ ಕರಡು ಬರೆದು, ಸಂಘದವರನ್ನು ಅಂಗಡಿಯಲ್ಲಿ ಒತ್ತೊತ್ತಾಗಿ ಕೂರಿಸಿ, ಗಟ್ಟಿಯಾಗಿ ಓದುತ್ತಾನೆ. ಕೇಳಿದವರು ತಲೆಗೊಂದು ಸಾಲು ಸೇರಿಸುತ್ತಾರೆ. ಆಮೇಲೆ ಅದು ಅಚ್ಚಾಗಿ ಎಲ್ಲ ಕಟ್ಟಡಗಳ ಮೆಟ್ಟಿಲ ಬಳಿ ಅಂಟುತ್ತದೆ, ಎಲ್ಲರ ಮೊಬೈಲಿಗೂ ಹೋಗುತ್ತದೆ.

ಇಷ್ಟೆಲ್ಲ ಮಾಡುವ ಟೇಪಣ್ಣ ಈವರೆಗೆ ಒಂದು ತೊಟ್ಟು ರಕ್ತ ಕೊಟ್ಟವನಲ್ಲ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಸೂಜಿಗೆ ಹೆದರುತ್ತಾನೆಂದು ತಿಳಿಯಬೇಡಿ. ಸೂಜಿಯೇ ಅವನಿಗೆ ಅನ್ನ ಹಾಕಿದ್ದು. ಅವನ ಹೆದರಿಕೆ ಬೇರೆ: ತನ್ನ ರಕ್ತ ತನ್ನ ಮೈಯಿಂದ ಹೊರಗೆ ಬಂದು ತನ್ನ ಕಣ್ಣಿಗೇ ಕಾಣುವುದು. ಕೆಲಸ ಕಲಿಯುವ ವಯಸ್ಸಿನಲ್ಲಿ ಒಮ್ಮೆ ಮಷೀನಿನ ಸೂಜಿ ಬೆರಳಿಗೆ ಇಳಿದು, ಬಿಳಿ ಅಂಗಿಯ ಮೇಲೆ ಮೂರು ಹನಿ ಬಿದ್ದಿತ್ತು. ಅದನ್ನು ನೋಡಿದವನು ಹಾಗೇ ಮುಂದಕ್ಕೆ ವಾಲಿ, ಅಂಗಿ ಕೇಳಲು ಬಂದಿದ್ದ ಗಿರಾಕಿಯ ಎದೆಗೆ ಒರಗಿ ಮೂರ್ಛೆ ಹೋಗಿದ್ದ. ಗಿರಾಕಿ ಆ ಅಂಗಡಿಯ ಕಡೆ ಮತ್ತೆ ತಲೆ ಹಾಕಲಿಲ್ಲ. ಈಗ ಕಾರ್ಯದರ್ಶಿಯಾಗಿ, ಇಷ್ಟು ದಪ್ಪ ಮೀಸೆ ಇಟ್ಟುಕೊಂಡು, ತಾನೇ ಸೊಂಟ ಅಳೆದ ಜನರ ಎದುರು ಕಣ್ಣು ಮೇಲೆ ಮಾಡಿ ಬೀಳುವುದೆಂದರೆ? ಅದಕ್ಕಿಂತ ಬಡಾವಣೆ ಬಿಟ್ಟು ಹೋಗುವುದೇ ವಾಸಿ ಎಂಬುದು ಅವನ ಲೆಕ್ಕಾಚಾರ.

ಹಾಗಾಗಿ ಪ್ರತಿ ವರ್ಷ ಒಂದು ನೆಪ ಬೇಕಿತ್ತು. ನೆಪವೆಂದರೆ ಸುಮ್ಮನೆ ಬಾಯಿಮಾತಲ್ಲ. ಪ್ರಕಟಣೆಯ ಅರ್ಹತೆಯ ಪಟ್ಟಿಯಲ್ಲಿ ನ್ಯಾಯವಾಗಿ ಕೂರುವಂಥದ್ದು. ಒಂದು ವರ್ಷ, ಹಲ್ಲು ಕೀಳಿಸಿಕೊಂಡವರು ಆರು ತಿಂಗಳು ಕೊಡುವಂತಿಲ್ಲ ಎಂದು ತಿಳಿದ ಕೂಡಲೇ, ಅಷ್ಟೇನೂ ನೋಯದಿದ್ದ ದವಡೆ ಹಲ್ಲೊಂದನ್ನು ಕೀಳಿಸಿಕೊಂಡು ಬಂದ. ಇನ್ನೊಂದು ವರ್ಷ ಮುಂಗೈ ಮೇಲೆ ಹಚ್ಚೆ ಹಾಕಿಸಿಕೊಂಡ, ಹೆಂಡತಿಯ ಹೆಸರಿನ ಮೊದಲ ಅಕ್ಷರ. ಹಚ್ಚೆ ಹಾಕಿಸಿಕೊಂಡವರು ಒಂದು ವರ್ಷ ಕಾಯಬೇಕು. ಈ ವಯಸ್ಸಿನಲ್ಲಿ ಗಂಡನಿಗೆ ಉಕ್ಕಿದ ಪ್ರೀತಿ ಕಂಡು ಅವಳು ಒಂದು ವಾರ ನಾಚಿಕೊಂಡು ಓಡಾಡಿದಳು. ಆಮೇಲೆ ಮೆಟ್ಟಿಲ ಬಳಿ ಅಂಟಿಸಿದ್ದ ಪ್ರಕಟಣೆ ಓದಿದಳು. ಅವತ್ತು ರಾತ್ರಿ ಊಟಕ್ಕೆ ಉಪ್ಪಿರಲಿಲ್ಲ. ಮತ್ತೊಂದು ವರ್ಷ ಬೇರೇನೂ ಹೊಳೆಯದೆ, ಹಿಂದಿನ ರಾತ್ರಿ ಕುಡಿದಿದ್ದೇನೆ, ಹಾಗಾಗಿ ಇವತ್ತು ಆಗದು ಎಂದುಬಿಟ್ಟ. ಹುಟ್ಟಿದಾಗಿನಿಂದ ಒಂದು ಹನಿ ಮುಟ್ಟದವನು ಹೀಗೆ ತುಂಬಿದ ಸಭೆಯಲ್ಲಿ ಕುಡುಕನಾದ. ಆಮೇಲಿನ ಶಿಬಿರದ ಹೊತ್ತಿಗೆ ದೇವರೇ ಕಳಿಸಿದಂತೆ ಒಂದು ನಾಯಿ ಬಂದು ಮೀನಖಂಡಕ್ಕೆ ಬಾಯಿ ಹಾಕಿತು. ನಾಯಿ ಕಚ್ಚಿ ಲಸಿಕೆ ಹಾಕಿಸಿಕೊಂಡವರೂ ಒಂದು ವರ್ಷ ಕೊಡುವಂತಿಲ್ಲ. ಟೇಪಣ್ಣ ಕುಂಟುತ್ತಲೇ ಹೋಗಿ ಆ ನಾಯಿಗೆ ಬಿಸ್ಕತ್ತು ಹಾಕಿ ಬಂದ.

ಲೆಕ್ಕ ಹಾಕಿ ನೋಡಿದರೆ, ಒಂದು ಚುಚ್ಚು ತಪ್ಪಿಸಿಕೊಳ್ಳಲು ಅವನು ವಸಡಿಗೆ, ತೋಳಿಗೆ, ಮುಂಗೈಗೆ ಚುಚ್ಚಿಸಿಕೊಂಡದ್ದು ಎಷ್ಟೋ. ಆದರೆ ಅವೆಲ್ಲ ಒಳಗೆ ಹೋಗುವ ಸೂಜಿಗಳು. ಹೊರಗೆ ತರುವ ಸೂಜಿ ಮಾತ್ರ ಅವನಿಗೆ ಬೇಡ.

ಹಾಗೆಂದು ಬೇರೆಯವರು ತಪ್ಪಿಸಿಕೊಳ್ಳಲು ಅವನು ಬಿಡುತ್ತಿದ್ದನೇ? ಹಾವಿನ ಹೆಜ್ಜೆ ಹಾವೇ ಬಲ್ಲದು. ಪ್ರಕಟಣೆಯಲ್ಲಿ ಸಂಪರ್ಕಕ್ಕೆ ಎರಡು ನಂಬರು ಇರುತ್ತಿದ್ದವು, ಒಂದು ಅವನದು, ಇನ್ನೊಂದು ಹೆಂಡತಿಯದು. ಅವನ ನಂಬರಿಗೆ ಫೋನ್ ಮಾಡಿ ಯಾರಾದರೂ, "ಟೇಪಣ್ಣ, ನನ್ನ ತೂಕ ನಲವತ್ತೈದು ಕಿಲೋ ಇದೆಯೋ ಇಲ್ವೋ, ಡೌಟು" ಎಂದರೆ ಸಾಕು.

"ಹೋದ ತಿಂಗಳು ನಿಮ್ಮ ಪ್ಯಾಂಟಿನ ಸೊಂಟ ಬಿಚ್ಚಿ ಎರಡು ಇಂಚು ಬಿಟ್ಟವನು ನಾನು ಸ್ವಾಮಿ. ಅದರಲ್ಲಿ ಇಬ್ಬರು ನಲವತ್ತೈದು ಕಿಲೋದವರು ಹಿಡೀತಾರೆ. ಬೆಳಿಗ್ಗೆ ತಿಂಡಿ ತಿಂದ್ಕೊಂಡು ಬನ್ನಿ."

ಹೀಗೆ ಊರಿನವರ ತೋಳನ್ನೆಲ್ಲ ಶಿಬಿರದ ಮೇಜಿಗೆ ಒಪ್ಪಿಸಿ, ತನ್ನದನ್ನು ಮಾತ್ರ ಜೇಬಿನಲ್ಲಿಟ್ಟುಕೊಂಡು ಬಂದವನಿಗೆ ಈ ವರ್ಷ ಒಂದು ದೊಡ್ಡ ದಾರಿ ಕಂಡಿತು. ದಿನ ಗೊತ್ತು ಮಾಡಲು ರಕ್ತನಿಧಿಗೆ ಫೋನ್ ಮಾಡಿದಾಗ, ವಯಸ್ಸಿನ ವಿಚಾರ ಬಂತು. ಹದಿನೆಂಟರಿಂದ ಅರವತ್ತೈದರವರೆಗೆ ಕೊಡಬಹುದು ಎಂಬುದು ಅವನಿಗೆ ಗೊತ್ತಿತ್ತು. ಆದರೆ ಮೊದಲ ಸಲ ಕೊಡುವವರಾದರೆ ಅರವತ್ತು ತುಂಬಿರಬಾರದು, ಆಮೇಲೆ ಹೊಸಬರನ್ನು ನಾವು ತಗೊಳ್ಳುವುದಿಲ್ಲ ಎಂದರು ಆ ಕಡೆಯವರು. ಟೇಪಣ್ಣ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿ, ಅದನ್ನೇ ಎರಡನೆಯ ಸಲ ಹೇಳಿಸಿಕೊಂಡ.

ಅವನಿಗೆ ಅರವತ್ತು ತುಂಬುವುದು ಒಂದು ಬುಧವಾರ. ಶಿಬಿರವನ್ನು ಅದರ ಮುಂದಿನ ಭಾನುವಾರಕ್ಕೆ ಇಟ್ಟರೆ ಆಯಿತು. ಹಲ್ಲು ಬೇಡ, ನಾಯಿ ಬೇಡ, ಈ ಜನ್ಮಕ್ಕೇ ಬಿಡುಗಡೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಹಾಗೆ. ಅವತ್ತೇ ಭಾನುವಾರವನ್ನು ಗೊತ್ತು ಮಾಡಿಕೊಂಡು, ಸಂಜೆ ಸಂಘದವರೆದುರು ಕರಡು ಓದಿದ. ಧ್ವನಿಯಲ್ಲಿ ಎಂದೂ ಇಲ್ಲದ ಇಂಪು.

"ನೆರೆಹೊರೆ ಸಂಘದ ವತಿಯಿಂದ ರಕ್ತದಾನ ಶಿಬಿರ. ಸ್ಥಳ: ಸಂಘದ ಸಭಾಂಗಣ. ಸಮಯ: ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ. ವಯಸ್ಸು ಹದಿನೆಂಟರಿಂದ ಅರವತ್ತೈದು. ಮೊದಲ ಸಲ ಕೊಡುವವರಿಗೆ ಅರವತ್ತು ತುಂಬಿರಬಾರದು. ತೂಕ ನಲವತ್ತೈದು ಕಿಲೋಗೆ ಕಡಿಮೆ ಇರಬಾರದು. ಹಿಂದೆ ಕೊಟ್ಟ ಗಂಡಸರಿಗೆ ಮೂರು ತಿಂಗಳು, ಹೆಂಗಸರಿಗೆ ನಾಲ್ಕು ತಿಂಗಳು ಕಳೆದಿರಬೇಕು. ಬಸುರಿಯರು, ಎದೆಹಾಲು ಕುಡಿಸುವವರು ಕೊಡುವಂತಿಲ್ಲ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ಬೆಳಿಗ್ಗೆ ತಿಂಡಿ ತಿಂದು, ಸಾಕಷ್ಟು ನೀರು ಕುಡಿದು ಬನ್ನಿ. ಗುರುತಿನ ಚೀಟಿ ತನ್ನಿ. ವಿವರಗಳಿಗೆ ಸಂಪರ್ಕಿಸಿ..."

"ಅರವತ್ತರ ಸಾಲು ಹೊಸದು," ಎಂದರು ಅಧ್ಯಕ್ಷರು. ನಿವೃತ್ತ ಹೆಡ್‌ಮಾಸ್ತರರಾದ ಅವರಿಗೆ ಯಾವ ಬರಹ ಕಂಡರೂ ಕೆಂಪು ಪೆನ್ನು ಹಿಡಿಯಬೇಕೆನಿಸುತ್ತದೆ. "ಒಳ್ಳೆಯ ಸಾಲು. ಇದನ್ನ ದಪ್ಪ ಅಕ್ಷರದಲ್ಲಿ ಹಾಕಿಸಿ."

"ಹಾಕಿಸೋಣ ಸಾರ್," ಎಂದ ಟೇಪಣ್ಣ, ತಾನೇ ಹೇಳಬೇಕೆಂದಿದ್ದುದನ್ನು ಬೇರೆಯವರು ಹೇಳಿದ ಖುಷಿಯಲ್ಲಿ. ಹೆಂಡತಿ ಮಾತ್ರ ಕಾಜ ಮಾಡುತ್ತಿದ್ದ ಕೈ ನಿಲ್ಲಿಸಿ ಒಂದು ಗಳಿಗೆ ಅವನ ಮುಖ ನೋಡಿದಳು. ಮತ್ತೆ ಕೆಲಸಕ್ಕೆ ತಲೆ ತಗ್ಗಿಸಿದಳು.

ಎರಡು ದಿನ ಕಳೆಯಿತು. ಟೇಪಣ್ಣ ಬಟ್ಟೆ ತರಲು ಸಗಟು ಅಂಗಡಿಗೆ ಹೋಗಿ, ಮಧ್ಯಾಹ್ನ ಬಿಸಿಲಲ್ಲಿ ಗಂಟು ಹೊತ್ತು ಬಂದಾಗ ಹೆಂಡತಿ ಗುಂಡಿ ಹಚ್ಚುತ್ತ ಹೇಳಿದಳು: "ರಕ್ತನಿಧಿಯವರು ಫೋನ್ ಮಾಡಿದ್ರು. ನಿಮ್ಮದು ಸಿಗಲಿಲ್ಲವಂತೆ, ನನ್ನ ನಂಬರಿಗೆ ಮಾಡಿದ್ರು. ಆ ಭಾನುವಾರ ಅವರ ಡಾಕ್ಟರು ಬೇರೆ ಶಿಬಿರಕ್ಕೆ ಹೋಗಬೇಕಂತೆ."

"ಹಾಗಾದ್ರೆ?"

"ಒಂದು ವಾರ ಮೊದಲೇ ಮಾಡೋಣ ಅಂತ ಆಯ್ತು. ಅಚ್ಚಿನವನಿಗೂ ಹೇಳಿದೆ, ಅಧ್ಯಕ್ಷರಿಗೂ ಹೇಳಿದೆ. ಊಟ ಮಾಡ್ತೀರಾ?"

ಟೇಪಣ್ಣನಿಗೆ ಊಟದ ಮಾತು ಕೇಳಿಸಲೇ ಇಲ್ಲ. ಒಂದು ವಾರ ಮೊದಲು ಎಂದರೆ ಬುಧವಾರಕ್ಕಿಂತ ಮೊದಲಿನ ಭಾನುವಾರ. ಅವತ್ತು ಅವನಿಗೆ ಅರವತ್ತು ತುಂಬಿರುವುದಿಲ್ಲ. ಗಂಟನ್ನು ಮೇಜಿನ ಮೇಲೆ ಇಟ್ಟು, ಬೆರಳು ಮಡಿಸಿ ಎಣಿಸಿದ. ಹೇಗೆ ಎಣಿಸಿದರೂ ಭಾನುವಾರ ಆದಮೇಲೆಯೇ ಬುಧವಾರ ಬಂತು.

ಇಷ್ಟಕ್ಕೇ ನಿಂತಿದ್ದರೂ ಹೇಗೋ ಒಂದು ಹಲ್ಲು ಕೀಳಿಸಿ ಬಚಾವಾಗುತ್ತಿದ್ದ. ಆದರೆ ಅವನೇ ದಪ್ಪ ಅಕ್ಷರದಲ್ಲಿ ಹಾಕಿಸಲು ಹೊರಟ ಸಾಲು ಅಷ್ಟರಲ್ಲಿ ಸಂಘದವರ ಬಾಯಿಂದ ಬಡಾವಣೆಯ ಕಿವಿಗೆ ಬಿದ್ದಾಗಿತ್ತು. ಎದುರಿನ ದಿನಸಿ ಅಂಗಡಿಯ ಅಕ್ಕನಿಗೆ ಮಾಡಲು ಕೆಲಸ ಕಡಿಮೆ, ನೆನಪು ಜಾಸ್ತಿ. ಅವಳು ಸಂಜೆ ಬೀದಿ ದಾಟಿ ಬಂದು ಮೆಟ್ಟಿಲ ಕೆಳಗೆ ತಲೆ ತೂರಿಸಿದಳು.

"ಟೇಪಣ್ಣ, ನಿಂಗೆ ಈ ಸಲ ಅರವತ್ತಲ್ವಾ?"

"ಇನ್ನೂ ಆಗಿಲ್ಲಕ್ಕ."

"ಅದನ್ನೇ ಹೇಳೋಕೆ ಬಂದೆ. ಇನ್ನೂ ಆಗಿಲ್ಲ. ಪಾಪ, ಪ್ರತಿ ವರ್ಷ ಕೊಡೋಕೆ ಆಸೆ ಪಡ್ತೀಯ, ಏನೋ ಒಂದು ಅಡ್ಡ ಬರುತ್ತೆ. ಇದೇ ಕೊನೇ ಛಾನ್ಸು ನೋಡು. ನಾನು ಆಗಲೇ ಅಧ್ಯಕ್ಷರಿಗೆ ಹೇಳಿದೀನಿ."

ಅಧ್ಯಕ್ಷರು ಕೆಂಪು ಪೆನ್ನಿನವರು. ಕೇಳಿದ್ದನ್ನು ಹಾಗೇ ಬಿಡುವವರಲ್ಲ. ಮಾರನೆಯ ದಿನ ಅಚ್ಚಾಗಿ ಬಂದ ಪ್ರಕಟಣೆಯ ಕೆಳಗೆ ಟೇಪಣ್ಣ ಬರೆಯದ ಒಂದು ಸಾಲು ಇತ್ತು: "ವಿಶೇಷ: ಅರವತ್ತು ತುಂಬುವ ಮುನ್ನ ನಮ್ಮ ಕಾರ್ಯದರ್ಶಿಗಳಿಂದ ಪ್ರಥಮ ರಕ್ತದಾನ. ಎಲ್ಲರೂ ಬಂದು ಪ್ರೋತ್ಸಾಹಿಸಿ." ಅದು ಅರವತ್ತರ ಸಾಲಿಗಿಂತಲೂ ದಪ್ಪ ಅಕ್ಷರದಲ್ಲಿತ್ತು. ತಾನು ತೋಡಿದ ಹಳ್ಳದಲ್ಲಿ ತಾನೇ ಬಿದ್ದವನ ಮೇಲೆ ಅಧ್ಯಕ್ಷರು ಮಣ್ಣೂ ಎಳೆದು, ಮೇಲೆ ಗಿಡವನ್ನೂ ನೆಟ್ಟಂತಾಯಿತು.

ಆ ವಾರ ಅವನು ಹೊಲಿದ ಅಂಗಿಗಳಲ್ಲಿ ಒಂದಕ್ಕೆ ಎರಡೂ ತೋಳು ಎಡಗೈಯವೇ ಆದವು. ಹಲ್ಲಿನ ಡಾಕ್ಟರ ಹತ್ತಿರ ಹೋದರೆ ಅವರು ಬಾಯೊಳಗೆ ದೀಪ ಹಿಡಿದು, "ಎಲ್ಲ ಗಟ್ಟಿಯಾಗಿವೆ, ಪುಣ್ಯವಂತರು" ಎಂದು ಬೆನ್ನು ತಟ್ಟಿ ಕಳಿಸಿದರು. ಹಳೆಯ ನಾಯಿ ಕಂಡಿತು; ಅದರ ಎದುರು ಬೇಕೆಂದೇ ಎರಡು ಸಲ ನಡೆದಾಡಿದ. ಬಿಸ್ಕತ್ತಿನ ಋಣ ನೆನೆದ ನಾಯಿ ಬಾಲ ಅಲ್ಲಾಡಿಸಿತು.

ಭಾನುವಾರ ಸಂಘದ ಸಭಾಂಗಣದಲ್ಲಿ ಎಂದೂ ಸೇರದಷ್ಟು ಜನ. ಅರ್ಧ ಜನ ರಕ್ತ ಕೊಡಲು ಬಂದವರು, ಉಳಿದರ್ಧ ಟೇಪಣ್ಣ ಕೊಡುವುದನ್ನು ನೋಡಲು ಬಂದವರು. ನೋಡಲು ಬಂದವರನ್ನೂ ಅಧ್ಯಕ್ಷರು ಬಾಗಿಲಲ್ಲೇ ಹಿಡಿದು ಅರ್ಜಿ ಕೈಗಿಡುತ್ತಿದ್ದರು. ದಿನಸಿ ಅಂಗಡಿಯ ಅಕ್ಕ ಫ್ರಿಜ್ಜಿನಿಂದ ಒಂದು ಬಾಟಲಿ ತಣ್ಣೀರು ತಂದು ಮುಂದಿನ ಸಾಲಿನಲ್ಲೇ ಕೂತಿದ್ದಳು. ಯಾಕೆ ಎಂದು ಕೇಳಿದರೆ, "ಇರಲಿ, ಮುಖಕ್ಕೆ ಚಿಮುಕಿಸೋಕೆ ಬೇಕಾದೀತು" ಎನ್ನುತ್ತಿದ್ದಳು.

ಟೇಪಣ್ಣ ಅರ್ಜಿ ತುಂಬಿದ. ಕಳೆದ ಒಂದು ವರ್ಷದಲ್ಲಿ ಕಾಯಿಲೆ, ಔಷಧಿ, ಆಪರೇಷನ್ನು, ಹಚ್ಚೆ, ಎಲ್ಲ ಪ್ರಶ್ನೆಗಳನ್ನೂ ಆಸೆಯಿಂದ ಓದಿದ. ಎಲ್ಲದಕ್ಕೂ "ಇಲ್ಲ" ಎಂದೇ ಬರೆಯಬೇಕಾಯಿತು. ನಾಯಿ ಕಚ್ಚಿ ವರ್ಷ ಕಳೆದಿತ್ತು. ತೂಕದ ಯಂತ್ರ ಎಪ್ಪತ್ತೆರಡು ತೋರಿಸಿತು.

ಮುಂದಿನ ಮೇಜಿನಲ್ಲಿ ನರ್ಸಮ್ಮ ಬೆರಳ ತುದಿಗೆ ಚುಚ್ಚಿ ಒಂದು ಹನಿ ರಕ್ತ ತೆಗೆಯುತ್ತಿದ್ದರು. ಆ ಹನಿಯನ್ನು ನೀಲಿ ದ್ರಾವಣದ ಬಟ್ಟಲಿಗೆ ಬಿಡುವುದು. ಮುಳುಗಿದರೆ ರಕ್ತದಲ್ಲಿ ಸತ್ವ ಸಾಕಷ್ಟಿದೆ ಎಂದರ್ಥ, ತೇಲಿದರೆ ಇಲ್ಲ. ಟೇಪಣ್ಣ ಕಣ್ಣು ಮುಚ್ಚಿ ಬೆರಳು ಕೊಟ್ಟ, ಮನಸ್ಸಿನಲ್ಲಿ "ತೇಲು, ತೇಲು" ಎಂದ. ಕಣ್ಣು ಬಿಟ್ಟಾಗ ಅವನ ಹನಿ ಗುಂಡುಕಲ್ಲಿನ ಹಾಗೆ ತಳ ಸೇರಿತ್ತು.

"ಒಳ್ಳೇ ರಕ್ತ ಅಪ್ಪಾಜಿ," ಎಂದರು ನರ್ಸಮ್ಮ. "ಈಗ ಡಾಕ್ಟರ ಹತ್ತಿರ ಹೋಗಿ."

ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಂಗಸು. ಅರ್ಜಿ ನೋಡಿದರು, ಎರಡು ಪ್ರಶ್ನೆ ಕೇಳಿದರು, ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರು. ಹುಬ್ಬು ಗಂಟಿಕ್ಕಿತು. ಮತ್ತೊಮ್ಮೆ ತುಂಬಿದರು.

"ಬಿಪಿ ಜಾಸ್ತಿ ಇದೆಯಲ್ಲ. ನೂರೈವತ್ತಾರು. ಮುಂಚಿನಿಂದಲೂ ಇದೆಯಾ?"

"ಇಲ್ಲ ಮೇಡಂ."

"ಟೆನ್ಶನ್ ಇರಬೇಕು. ಆ ಬೆಂಚಿನ ಮೇಲೆ ಸುಮ್ಮನೆ ಕೂತಿರಿ, ನೀರು ಕುಡೀರಿ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ ನೋಡ್ತೀನಿ. ಇಳಿದರೆ ತಗೋತೀವಿ. ಇಲ್ಲಾಂದ್ರೆ ಇವತ್ತು ಬೇಡ."

ಬೆಂಚಿಗೆ ಹೋಗುವಾಗ ಟೇಪಣ್ಣನ ಕಾಲಲ್ಲಿ ಹೊಸ ಶಕ್ತಿ ಬಂತು. ಇವತ್ತು ಬೇಡ ಎಂದರೆ ಅವನ ಪಾಲಿಗೆ ಎಂದೆಂದೂ ಬೇಡ. ಬುಧವಾರ ಬಂದರೆ ಬಾಗಿಲು ಮುಚ್ಚಿತು. ಅದೂ ಸುಳ್ಳು ನೆಪವಲ್ಲ. ಡಾಕ್ಟರೇ ಎಲ್ಲರೆದುರು ಹೇಳಿದ್ದು. ಇನ್ನು ಅವನು ಮಾಡಬೇಕಾದ್ದು ಇಷ್ಟೇ, ಕೂತಲ್ಲೇ ಕೂತು ಹೀಗೇ ಹೆದರುತ್ತಿರುವುದು. ಅದೊಂದು ಅವನಿಗೆ ಚೆನ್ನಾಗಿ ಬರುತ್ತಿತ್ತು. ಅನುಕೂಲವಾಗಲೆಂದು ಎದುರಿನ ಮಂಚದ ಕಡೆ, ಅಲ್ಲಿ ಯಾರದೋ ತೋಳಿಂದ ಇಳಿಯುತ್ತಿದ್ದ ಕೆಂಪು ನಳಿಗೆಯ ಕಡೆ, ಒಂದು ಕಣ್ಣು ಹಾಯಿಸಿದ. ತಕ್ಷಣ ಬೆಂಚಿನ ಅಂಚನ್ನು ಹಿಡಿದುಕೊಂಡ. ಭೇಷ್, ನೂರೆಪ್ಪತ್ತಾದರೂ ಆಗಬೇಕು ಎಂದುಕೊಂಡ.

ಅಷ್ಟರಲ್ಲಿ ಹೆಂಡತಿ ಬಂದು ಪಕ್ಕದಲ್ಲಿ ಕೂತಳು. ಹೆಬ್ಬೆರಳಿನಿಂದ ಬೆರಳ ತುದಿಗೆ ಹತ್ತಿ ಒತ್ತಿ ಹಿಡಿದಿದ್ದಳು.

"ತೇಲಿತಾ?" ಎಂದು ಕೇಳಿದ.

"ತೇಲಿತು. ಪ್ರತಿ ವರ್ಷದ ಹಾಗೇ. ಸೊಪ್ಪು ತಿಂದೆ, ಖರ್ಜೂರ ತಿಂದೆ, ಮಾತ್ರೆ ನುಂಗಿದೆ. ಆದರೂ ಆ ಬಟ್ಟಲಲ್ಲಿ ದೋಣಿ ಥರ ನಿಂತ್ಕೊಳ್ಳುತ್ತೆ." ಅವಳು ನಗಲು ನೋಡಿದಳು, ಪೂರ್ತಿ ಬರಲಿಲ್ಲ. "ನಿಮ್ಮದು?"

"ಮುಳುಗಿತು. ಆದ್ರೆ ಬಿಪಿ ಜಾಸ್ತಿ ಇದೆಯಂತೆ. ಏನು ಮಾಡೋದು, ಹಣೇಲಿ ಬರೆದಿಲ್ಲ."

"ರೀ, ಒಂದು ಮಾತು ಹೇಳ್ತೀನಿ, ಬೈಬೇಡಿ. ರಕ್ತನಿಧಿಯವರು ಅವತ್ತು ಫೋನಲ್ಲಿ ಎರಡು ಭಾನುವಾರ ಹೇಳಿದ್ರು. ಒಂದು ವಾರ ಮೊದಲಾದರೂ ಆಗುತ್ತೆ, ಒಂದು ವಾರ ಆಮೇಲಾದರೂ ಆಗುತ್ತೆ ಅಂದ್ರು. ಮೊದಲೇ ಇರಲಿ ಅಂದವಳು ನಾನು."

ಟೇಪಣ್ಣ ಬಾಯಿ ಬಿಟ್ಟ. ಮುಖ ಇಂಗು ತಿಂದ ಮಂಗನ ಹಾಗಾಗಿತ್ತು.

"ನಿಂಗೆ ಗೊತ್ತಿತ್ತಾ?"

"ಕಟ್ಟಿಕೊಂಡ ಗಂಡನ ಹುಟ್ಟಿದ ದಿನ ಗೊತ್ತಿರಲ್ವಾ? ಹಲ್ಲು ಕೀಳಿಸಿದ್ದು ಗೊತ್ತು. ಕುಡಿದೆ ಅಂದಿದ್ದು ಗೊತ್ತು, ಅವತ್ತು ರಾತ್ರಿ ನನ್ನ ಪಕ್ಕದಲ್ಲೇ ಮಜ್ಜಿಗೆ ಕುಡಿದು ಮಲಗಿದವರು ನೀವು. ನಾಯಿಗೆ ಬಿಸ್ಕತ್ತು ತಗೊಂಡಿದ್ದು ಎದುರಿನ ಅಂಗಡೀಲೇ ಅಲ್ವಾ? ಅಕ್ಕ ನಂಗೆ ಹೇಳಿದ್ಲು. ಈ ಬೀದೀಲಿ ಎಲ್ಲರಿಗೂ ಗೊತ್ತು ರೀ. ನಿಮಗೆ ಬೇಜಾರಾಗಬಾರದು ಅಂತ ಯಾರೂ ಆಡಲ್ಲ, ಅಷ್ಟೆ."

ಇಷ್ಟು ವರ್ಷ ಬಚ್ಚಿಟ್ಟುಕೊಂಡ ಗುಟ್ಟಿಗೆ ಬಾಗಿಲೇ ಇರಲಿಲ್ಲ ಎಂದು ತಿಳಿದಾಗ ಮನುಷ್ಯನಿಗೆ ಸಿಟ್ಟು ಬರಬೇಕು. ಟೇಪಣ್ಣನಿಗೂ ಬಂತು, ಆದರೆ ಅರ್ಧಕ್ಕೆ ಬಂದು ನಿಂತಿತು. ದಿನಸಿ ಅಂಗಡಿಯ ಅಕ್ಕ ಮಡಿಲಲ್ಲಿ ತಣ್ಣೀರ ಬಾಟಲಿ ಇಟ್ಟುಕೊಂಡು ತನ್ನನ್ನೇ ನೋಡುತ್ತಿದ್ದಾಳೆ. ಅವಳ ಮುಖದಲ್ಲಿ ಹಂಗಿಸುವ ನಗೆಯಿರಲಿಲ್ಲ. ಸೈಕಲ್ ಕಲಿಯುವ ಮಗುವಿನ ಹಿಂದೆ ಓಡುವವರ ಮುಖ ಇರುತ್ತದಲ್ಲ, ಹಾಗಿತ್ತು. ಬೀಳಬಾರದೆಂದು ಅಂಜುತ್ತ ಬೀದಿ ಬಿಟ್ಟು ಹೋಗಲು ಸಿದ್ಧನಾಗಿದ್ದವನಿಗೆ, ಬಿದ್ದರೆ ಎತ್ತಲು ಇಷ್ಟು ಜನ ನೀರು ಹಿಡಿದು ಕೂತಿದ್ದಾರೆ ಎಂದು ಹೊಳೆದಿರಲಿಲ್ಲ.

"ಎಲ್ಲ ಗೊತ್ತಿದ್ದೂ ಯಾಕೆ ಹೀಗೆ ಸಿಕ್ಕಿಹಾಕಿಸಿದೆ?" ಎಂದ ಮೆಲ್ಲಗೆ.

ಅವಳು ಹತ್ತಿಯನ್ನು ಬೆರಳಿಂದ ತೆಗೆದು ನೋಡಿದಳು, ಮತ್ತೆ ಒತ್ತಿದಳು.

"ಮಗಳು ಹುಟ್ಟಿದಾಗ ನಂಗೆ ಎರಡು ಬಾಟಲಿ ರಕ್ತ ಹಾಕಿದ್ರು. ನಿಮ್ಮನ್ನ ಕೇಳಿದಾಗ ನೀವು ಆಸ್ಪತ್ರೆ ಕಾರಿಡಾರಲ್ಲೇ ಬಿದ್ದಿರಂತೆ. ಅದಕ್ಕೆ ನಾನು ಯಾವತ್ತಾದರೂ ಏನಾದರೂ ಅಂದಿದೀನಾ? ಅನ್ನಲ್ಲ. ಯಾರೋ ಪುಣ್ಯಾತ್ಮರು ಕೊಟ್ಟರು, ನಾನು ಉಳ್ಕೊಂಡೆ. ಅವರು ಗಂಡಸೋ ಹೆಂಗಸೋ ಗೊತ್ತಿಲ್ಲ. ಅದನ್ನ ವಾಪಸ್ ಕೊಡಬೇಕು ಅಂತ ಪ್ರತಿ ವರ್ಷ ಸಾಲಲ್ಲಿ ನಿಲ್ತೀನಿ. ನಂದು ತೇಲುತ್ತೆ. ನಿಮ್ಮದು ಮುಳುಗುತ್ತೆ. ಅದಕ್ಕೇ."

ಟೇಪಣ್ಣ ಕೊರಳ ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. ಕೊನೆಗೆ, "ನಂಗೆ ಹೆದರಿಕೆ ಕಣೇ" ಎಂದ. ಮದುವೆಯಾದ ಇಷ್ಟು ವರ್ಷಗಳಲ್ಲಿ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ಹೆದರಿಕೊಂಡೇ ಕೊಡಿ. ಅಷ್ಟುದ್ದ ನೋಟೀಸ್ ಬರೆದಿದೀರಲ್ಲ, ಹೆದರಿಕೆ ಇರೋರು ಕೊಡಬಾರದು ಅಂತ ಎಲ್ಲಾದರೂ ಬರೆದಿದೀರಾ?"

ಅವನು ಮನಸ್ಸಿನಲ್ಲೇ ಪ್ರಕಟಣೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿಕೊಂಡ. ವಯಸ್ಸಿತ್ತು, ತೂಕವಿತ್ತು, ನಿದ್ದೆಯಿತ್ತು, ತಿಂಡಿಯಿತ್ತು. ಹೆದರಿಕೆಯ ಸಾಲು ಇರಲಿಲ್ಲ. ಇಷ್ಟು ವರ್ಷ ನೆಪ ಹುಡುಕಿದವನಿಗೆ ಅದೊಂದನ್ನು ಸೇರಿಸಬೇಕೆಂದು ಹೊಳೆಯದೇ ಹೋಯಿತಲ್ಲ ಎಂದು ನಗು ಬಂತು. ಅವನು ನಕ್ಕದ್ದು ನೋಡಿ ಅವಳಿಗೂ ಬಂತು. ಇಬ್ಬರೂ ಬೆಂಚು ಅಲ್ಲಾಡುವ ಹಾಗೆ ನಕ್ಕರು. ಬಿಪಿ ಏರಿಸಿಕೊಳ್ಳಬೇಕೆಂಬುದು ಅವನಿಗೆ ಮರೆತೇಹೋಯಿತು.

ಡಾಕ್ಟರು ಮತ್ತೆ ಪಟ್ಟಿ ಸುತ್ತಿದಾಗ ನೂರಮೂವತ್ತನಾಲ್ಕಕ್ಕೆ ಇಳಿದಿತ್ತು.

"ಈಗ ಸರಿಯಾಗಿದೆ. ಆದ್ರೂ ಬಲವಂತ ಇಲ್ಲ. ನಿಮಗೆ ಮನಸ್ಸಿದ್ದರೆ ಮಾತ್ರ," ಎಂದರು. ಇದು ಕೊಟ್ಟಕೊನೆಯ ಬಾಗಿಲು, ಹಾರು ಹೊಡೆದು ತೆರೆದೇ ಇತ್ತು. ಟೇಪಣ್ಣ ಹೆಂಡತಿಯ ಬೆರಳಿನ ಹತ್ತಿಯನ್ನು ನೋಡಿದ.

"ತಗೊಳ್ಳಿ ಮೇಡಂ. ಆದ್ರೆ ನಾನು ಫ್ಯಾನ್ ನೋಡ್ತಾ ಇರ್ತೀನಿ."

ಮಂಚದ ಮೇಲೆ ಮಲಗಿಸಿ, ತೋಳಿಗೆ ಬಿಗಿದು, ಕೈಗೆ ಮೆತ್ತನೆಯ ಚೆಂಡು ಕೊಟ್ಟರು. ಆಗಾಗ ಹಿಸುಕಿ, ಬಿಡಿ ಎಂದರು. ಅವನು ರಸ ತೆಗೆಯುವವನಂತೆ ಹಿಸುಕಿದ. ಸಭಾಂಗಣ ಉಸಿರು ಬಿಗಿಹಿಡಿದಿತ್ತು. ಚುಚ್ಚಿದ್ದು ಗೊತ್ತಾಯಿತು, ಆಮೇಲೆ ನಳಿಗೆ ಮುಂಗೈಗೆ ತಾಗಿದಾಗ ಅದು ಬೆಚ್ಚಗಿದ್ದದ್ದು ಗೊತ್ತಾಯಿತು. ತನ್ನ ರಕ್ತ ಬೆಚ್ಚಗಿರುತ್ತದೆ ಎಂದು ಅವನು ಯಾವತ್ತೂ ಯೋಚಿಸಿರಲಿಲ್ಲ. ಅಂದು ತನ್ನ ಹೆಂಡತಿಗಾಗಿ ಹೀಗೇ ಮಲಗಿದವರೂ ಫ್ಯಾನ್ ನೋಡುತ್ತಿದ್ದರೋ ಏನೋ. ಕಣ್ಣಂಚು ಒದ್ದೆಯಾಯಿತು, ಅದನ್ನು ಒರೆಸಿಕೊಳ್ಳಲು ಎರಡೂ ಕೈ ಬಿಡುವಿರಲಿಲ್ಲ; ಒಂದರಲ್ಲಿ ಚೆಂಡು, ಇನ್ನೊಂದನ್ನು ಹೆಂಡತಿ ಹಿಡಿದುಕೊಂಡಿದ್ದಳು. ಕೊನೆಗೆ ಧೈರ್ಯ ಮಾಡಿ ಚೀಲದ ಕಡೆ ಓರೆಗಣ್ಣಲ್ಲಿ ನೋಡಿದ. ತಲೆ ಒಂದು ಸುತ್ತು ಬಂತು, ಆದರೆ ಹೋಗಿಬಿಟ್ಟಿತು.

"ಮುಗೀತು," ಎಂದರು ನರ್ಸಮ್ಮ. ಹತ್ತಿ ಒತ್ತಿ ಪಟ್ಟಿ ಹಚ್ಚಿ, ಸ್ವಲ್ಪ ಹೊತ್ತು ಮಲಗೇ ಇರಲು ಹೇಳಿದರು.

"ಬೀಳಲೇ ಇಲ್ವಲ್ಲೋ," ಎಂದಳು ದಿನಸಿ ಅಂಗಡಿಯ ಅಕ್ಕ, ತುಸು ನಿರಾಸೆಯಿಂದಲೇ, ಮತ್ತು ಆ ತಣ್ಣೀರನ್ನು ತಾನೇ ಗಟಗಟ ಕುಡಿದಳು.

ಎದ್ದು ಕೂತು ಬಿಸ್ಕತ್ತಿನ ಜೊತೆ ಹಣ್ಣಿನ ರಸ ಕುಡಿಯುವಾಗ ಟೇಪಣ್ಣನ ಮೀಸೆ ತಾನಾಗಿ ಮೇಲೆದ್ದಿತ್ತು. ಡಾಕ್ಟರು ಬಂದು ಇವತ್ತು ಈ ಕೈಯಲ್ಲಿ ಭಾರ ಎತ್ತಬೇಡಿ, ನೀರು ಜಾಸ್ತಿ ಕುಡಿಯಿರಿ ಎಂದು ಹೇಳಿ, ಒಂದು ಪುಟ್ಟ ಕಾರ್ಡು ಕೊಟ್ಟರು.

"ಇದನ್ನ ಜೋಪಾನವಾಗಿಡಿ. ಮುಂದಿನ ಸಲ ಬರುವಾಗ ತನ್ನಿ."

"ಮುಂದಿನ ಸಲ ಎಲ್ಲಿ ಮೇಡಂ," ಎಂದ ಟೇಪಣ್ಣ ದೊಡ್ಡ ಮನುಷ್ಯನ ಹಾಗೆ. "ಬುಧವಾರಕ್ಕೆ ಅರವತ್ತು ತುಂಬುತ್ತೆ. ನಮ್ಮದು ಮುಗೀತು."

"ಯಾರು ಹೇಳಿದ್ದು? ಅರವತ್ತರ ಮಿತಿ ಮೊದಲ ಸಲ ಕೊಡೋರಿಗೆ. ನಿಮ್ಮದು ಮೊದಲ ಸಲ ಈಗ ಆಯ್ತಲ್ಲ. ಇನ್ನು ಅರವತ್ತೈದರವರೆಗೆ ಕೊಡಬಹುದು, ಮೂರು ತಿಂಗಳಿಗೊಮ್ಮೆ."

ಟೇಪಣ್ಣನ ಕೈಯಲ್ಲಿದ್ದ ಬಿಸ್ಕತ್ತು ಅಲ್ಲೇ ನಿಂತಿತು. ಮೂರು ದಿನ ಹೇಗೋ ಕಳೆದಿದ್ದರೆ ಜನ್ಮಕ್ಕೇ ಬಿಡುಗಡೆಯಿತ್ತು. ಈಗ ಕೊಟ್ಟದ್ದರಿಂದಲೇ ಇನ್ನೂ ಐದು ವರ್ಷ ಕೊಡಲು ಅರ್ಹನಾಗಿ ಕೂತಿದ್ದಾನೆ. ಅಧ್ಯಕ್ಷರು ಆಗಲೇ ಜೇಬಿನಿಂದ ಕೆಂಪು ಪೆನ್ನು ತೆಗೆದು, ಮೂರು ತಿಂಗಳ ಮುಂದಿನ ಭಾನುವಾರ ಯಾವುದು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಹುಡುಕುತ್ತಿದ್ದರು.

ಹೆಂಡತಿ ಅವನ ತೋಳಿನ ಪಟ್ಟಿಯನ್ನು ಮೆಲ್ಲಗೆ ಸವರಿದಳು.

"ತುಂಬ ಹೆದರಿಕೆ ಆಯ್ತಾ?"

"ಆಯ್ತು," ಎಂದ ಟೇಪಣ್ಣ, ಬಿಸ್ಕತ್ತನ್ನು ಅರ್ಧ ಮುರಿದು ಅವಳಿಗೆ ಕೊಡುತ್ತ. "ಮುಂದಿನ ಸಲಾನೂ ಆಗುತ್ತೆ."